ಆರು ಲಕ್ಷದ ಆಫರ್, ಕೈಗೆ 39,500: ಅಪ್ಪ-ಅಮ್ಮನಿಗಾಗಿ ಆಫರ್ ಲೆಟರ್ ಬಿಡಿಸಿ ಓದಿದ್ದು

ತಿಪಟೂರಿನಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. ಅವರ ಮಗಳಿಗೆ, ಅಂದರೆ ನನ್ನ ತಂಗಿಗೆ, ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ವರ್ಷಕ್ಕೆ ಆರು ಲಕ್ಷ. ಬೀದಿಗೆಲ್ಲಾ ಸಿಹಿ ಹಂಚಿ ಆಗಿತ್ತು. ಆದರೆ ಆಫರ್ ಲೆಟರ್ ಕೈಗೆ ಬಂದ ಮೇಲೆ ಅವರಿಗೆ ನಿದ್ದೆ ಬಂದಿರಲಿಲ್ಲ.

"ಆರು ಲಕ್ಷ ಅಂದ್ರೆ ತಿಂಗಳಿಗೆ ಐವತ್ತು ಸಾವಿರ ಅಲ್ವೇನಪ್ಪಾ? ಇವಳು ನೋಡಿದ್ರೆ ಕೈಗೆ ಮೂವತ್ತೊಂಬತ್ತೂವರೆ ಬರುತ್ತೆ ಅಂತಾಳೆ. ಮಧ್ಯದಲ್ಲಿ ಯಾರಾದ್ರೂ ತಿಂತಿದಾರಾ? ಆಮೇಲೆ ಆರು ತಿಂಗಳು ಪ್ರೊಬೇಷನ್ ಅಂತಿದೆ. ಅಂದ್ರೆ ಕೆಲಸ ಇನ್ನೂ ಖಾತ್ರಿ ಇಲ್ಲ ಅಂತಾನಾ? ಕೊನೇಲಿ ತೊಂಬತ್ತು ದಿನದ ನೋಟಿಸ್ ಅಂತ ಬೇರೆ ಬರೆದಿದಾರೆ. ಇನ್ನೂ ಕೆಲಸಕ್ಕೇ ಸೇರಿಲ್ಲ, ಆಗಲೇ ಯಾಕಪ್ಪಾ ನೋಟಿಸು?"

ಆ ಕೊನೆಯ ಪ್ರಶ್ನೆ ಕೇಳಿದಾಗ ನನಗೆ ಅವರ ಆತಂಕ ಎಲ್ಲಿಂದ ಬಂತು ಅಂತ ಅರ್ಥವಾಯಿತು. ಊರಿನಲ್ಲಿ ನೋಟಿಸ್ ಅಂದರೆ ಬ್ಯಾಂಕಿನಿಂದ ಬರುವುದು, ಕೋರ್ಟಿನಿಂದ ಬರುವುದು. ಅದೇ ಪದ ಮಗಳ ಕೆಲಸದ ಕಾಗದದಲ್ಲಿ ಕಂಡರೆ ಯಾವ ಅಪ್ಪನಿಗೂ ಎದೆ ಧಸಕ್ ಅನ್ನುತ್ತದೆ.

ನಾನು ಕಂಪನಿಯೊಂದರಲ್ಲಿ ಸಂಬಳದ ಲೆಕ್ಕ ನೋಡುವ ಕೆಲಸ ಮಾಡುತ್ತೇನೆ. ಅದೇ ಭಾನುವಾರ ಊರಿಗೆ ಹೋಗಿ, ಆ ಲೆಟರನ್ನು ಸಾಲು ಸಾಲಾಗಿ ಚಿಕ್ಕಪ್ಪ-ಚಿಕ್ಕಮ್ಮನಿಗೆ ಓದಿ ಹೇಳಿದೆ. ನಿಮ್ಮ ಮನೆಯಲ್ಲೂ ಮಗನೋ ಮಗಳೋ ಇಂಥದ್ದೇ ಕಾಗದ ಹಿಡಿದು ನಿಂತಿರಬಹುದು ಅಂತ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

## ಸಿಟಿಸಿ ಅಂದರೆ ಸಂಬಳ ಅಲ್ಲ

ಲೆಟರಿನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಇದ್ದದ್ದು "ಸಿಟಿಸಿ: 6,00,000". ಇದು 'ಕಾಸ್ಟ್ ಟು ಕಂಪನಿ' ಅನ್ನುವುದರ ಚಿಕ್ಕ ರೂಪ. ಅಂದರೆ ಈ ಹುಡುಗಿಯನ್ನು ಒಂದು ವರ್ಷ ಕೆಲಸಕ್ಕೆ ಇಟ್ಟುಕೊಂಡರೆ ಕಂಪನಿಗೆ ಒಟ್ಟು ಬೀಳುವ ಖರ್ಚು. ಖರ್ಚು ಕಂಪನಿಯದ್ದು. ಅದರಲ್ಲಿ ಹುಡುಗಿಯ ಕೈಗೆ ಬರುವುದು ಒಂದು ಪಾಲು ಮಾತ್ರ.

ಚಿಕ್ಕಪ್ಪನಿಗೆ ತೋಟದ ಲೆಕ್ಕದಲ್ಲಿ ಹೇಳಿದೆ. ಕಾಯಿ ಕೀಳುವುದಕ್ಕೆ ಆಳು ಕರೆಸುತ್ತೀರಿ. ಕೂಲಿ 800 ಅಂತ ಇಟ್ಟುಕೊಳ್ಳಿ. ಬೆಳಗ್ಗೆ ತಿಂಡಿ, ಮಧ್ಯಾಹ್ನ ಊಟ, ಎರಡು ಸಲ ಕಾಫಿ ಸೇರಿ 120 ಆಯಿತು. ಊರಾಚೆಯಿಂದ ಆಟೋದಲ್ಲಿ ಕರೆತಂದಿದ್ದಕ್ಕೆ 80. ಆ ದಿನ ಆ ಆಳಿನ ಲೆಕ್ಕದಲ್ಲಿ ನಿಮ್ಮ ಜೇಬಿನಿಂದ ಹೋಗಿದ್ದು ಸಾವಿರ. ಅವನು ಮನೆಗೆ ತೆಗೆದುಕೊಂಡು ಹೋಗಿದ್ದು 800. ಸಾವಿರ ಅನ್ನುವುದು ನಿಮ್ಮ ಸಿಟಿಸಿ, 800 ಅವನ ಕೈಗೆ ಬಂದಿದ್ದು. ಇಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ. ಆದರೆ ನೀವು ಅವನಿಗೆ "ದಿನಕ್ಕೆ ಸಾವಿರ" ಅಂತ ಹೇಳಿ ಕರೆಸಿದ್ದರೆ ಸಂಜೆ ಜಗಳ ಖಂಡಿತ.

ಮನೆಗಳಲ್ಲಿ ಆಗುವುದೂ ಇದೇ. ದೊಡ್ಡ ಅಂಕಿ ಕೇಳಿ, ಹನ್ನೆರಡರಿಂದ ಭಾಗಿಸಿ, ಆ ಲೆಕ್ಕದ ಮೇಲೆ ಸಾಲದ ಕಂತು, ಪಿಜಿ ಬಾಡಿಗೆ, ತಮ್ಮನ ಫೀಸು ಎಲ್ಲಾ ಗೊತ್ತು ಮಾಡಿಬಿಡುತ್ತಾರೆ. ಮೊದಲ ಸಂಬಳ ಬಂದ ದಿನ ಮಗಳ ಮೇಲೆ ಅನುಮಾನ ಪಡುತ್ತಾರೆ.

## ಕೊನೆಯ ಪುಟದಲ್ಲಿರುವ ಪಟ್ಟಿ

ಆಫರ್ ಲೆಟರಿನ ಕೊನೆಗೆ ಒಂದು ಪಟ್ಟಿ ಅಂಟಿಕೊಂಡಿರುತ್ತದೆ. ಅನೆಕ್ಷರ್ ಅನ್ನುತ್ತಾರೆ. ಮುಖಪುಟಕ್ಕಿಂತ ಇದನ್ನೇ ಮೊದಲು ನೋಡಬೇಕು. ತಂಗಿಯ ಪಟ್ಟಿ ಹೀಗಿತ್ತು:

| ಬಾಬ್ತು | ವರ್ಷಕ್ಕೆ (ರೂ.) |
|---|---|
| ಬೇಸಿಕ್ | 3,00,000 |
| ಎಚ್‌ಆರ್‌ಎ | 1,20,000 |
| ಸ್ಪೆಷಲ್ ಅಲೋಯನ್ಸ್ | 78,000 |
| ಕಂಪನಿ ಕಟ್ಟುವ ಪಿಎಫ್ | 21,600 |
| ಗ್ರಾಚ್ಯುಯಿಟಿ | 14,430 |
| ಆರೋಗ್ಯ ವಿಮೆ ಪ್ರೀಮಿಯಂ | 5,970 |
| ವೇರಿಯಬಲ್ ಪೇ | 60,000 |
| ಒಟ್ಟು ಸಿಟಿಸಿ | 6,00,000 |

ಈ ಏಳು ಸಾಲುಗಳಲ್ಲಿ ಮೊದಲ ಮೂರು ಮಾತ್ರ ಪ್ರತಿ ತಿಂಗಳೂ ಬರುವಂಥವು. ಅವನ್ನು ಕೂಡಿಸಿದರೆ 4,98,000. ಹನ್ನೆರಡರಿಂದ ಭಾಗಿಸಿದರೆ 41,500. ಇದಕ್ಕೆ ಗ್ರಾಸ್ ಸಂಬಳ ಅಂತ ಹೆಸರು. ಇದರಿಂದ ತಂಗಿಯ ಪಾಲಿನ ಪಿಎಫ್ 1,800 ಮತ್ತು ವೃತ್ತಿ ತೆರಿಗೆ 200 ಕಳೆದರೆ ಉಳಿಯುವುದು 39,500. ಬ್ಯಾಂಕ್ ಖಾತೆಗೆ ಬೀಳುವುದು ಇಷ್ಟು.

ಕರ್ನಾಟಕದಲ್ಲಿ ತಿಂಗಳಿಗೆ 25,000 ಅಥವಾ ಅದಕ್ಕಿಂತ ಜಾಸ್ತಿ ಸಂಬಳ ಇರುವವರಿಗೆ ವೃತ್ತಿ ತೆರಿಗೆ ಇದೆ. ಹನ್ನೊಂದು ತಿಂಗಳು 200, ಫೆಬ್ರುವರಿಯಲ್ಲಿ 300. ಒಟ್ಟು ವರ್ಷಕ್ಕೆ 2,500. ಆದಾಯ ತೆರಿಗೆಯ ಬಗ್ಗೆ ಈ ಸಂಬಳಕ್ಕೆ ಚಿಂತೆ ಇಲ್ಲ. 2025ರ ಏಪ್ರಿಲ್‌ನಿಂದ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ 12,75,000ದವರೆಗೆ ತೆರಿಗೆ ಬೀಳುವುದಿಲ್ಲ.

## ಬೇಸಿಕ್ ಅನ್ನುವ ಸಾಲು ಯಾಕೆ ಮುಖ್ಯ

ಬೇಸಿಕ್ ಅಂದರೆ ಮೂಲ ವೇತನ. ಪಿಎಫ್, ಗ್ರಾಚ್ಯುಯಿಟಿ ಮುಂತಾದ ಲೆಕ್ಕಗಳೆಲ್ಲಾ ಇದರ ಮೇಲೆಯೇ ನಿಲ್ಲುತ್ತವೆ. ಮೊದಲೆಲ್ಲಾ ಬೇಸಿಕ್ ಕಡಿಮೆ ಇಟ್ಟು, ಉಳಿದದ್ದನ್ನು ಬೇರೆ ಬೇರೆ ಅಲೋಯನ್ಸ್ ಹೆಸರಿನಲ್ಲಿ ತುಂಬುವ ರೂಢಿ ಕಂಪನಿಗಳಲ್ಲಿ ಜಾಸ್ತಿ ಇತ್ತು. 2025ರ ನವೆಂಬರ್ 21ರಂದು ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ 'ವೇತನ' ಎಂದು ಲೆಕ್ಕಕ್ಕೆ ಬರುವ ಭಾಗ ಒಟ್ಟು ಸಂಬಳದ ಅರ್ಧಕ್ಕಿಂತ ಕಡಿಮೆ ಆಗುವ ಹಾಗಿಲ್ಲ. ಅದಕ್ಕೇ ಈಗಿನ ಲೆಟರ್‌ಗಳಲ್ಲಿ ಬೇಸಿಕ್ 50% ಇರುವುದು ಕಾಣುತ್ತದೆ. ತಂಗಿಯದ್ದೂ ಹಾಗೇ ಇದೆ. ಆರು ಲಕ್ಷದಲ್ಲಿ ಮೂರು ಲಕ್ಷ.

ಎಚ್‌ಆರ್‌ಎ ಅಂದರೆ ಮನೆ ಬಾಡಿಗೆ ಭತ್ಯೆ. "ಹಾಗಾದ್ರೆ ಪಿಜಿ ಬಾಡಿಗೆ ಕಂಪನಿಯೇ ಕೊಡುತ್ತಾ?" ಅಂತ ಚಿಕ್ಕಮ್ಮ ಆಸೆಯಿಂದ ಕೇಳಿದರು. ಇಲ್ಲ, ಬೇರೆಯಾಗಿ ಕೊಡುವುದಿಲ್ಲ. ಇದು ಸಂಬಳದ್ದೇ ಒಂದು ಭಾಗ. ಬಾಡಿಗೆ ಮನೆಯಲ್ಲಿದ್ದರೂ ಬರುತ್ತದೆ, ಸೋದರತ್ತೆ ಮನೆಯಲ್ಲಿದ್ದರೂ ಬರುತ್ತದೆ. ಹಳೆ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಬಾಡಿಗೆ ರಸೀದಿ ತೋರಿಸಿ ತೆರಿಗೆ ಉಳಿಸಲು ಇದು ಉಪಯೋಗಕ್ಕೆ ಬರುತ್ತದೆ. ಹೊಸ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲ.

ಸ್ಪೆಷಲ್ ಅಲೋಯನ್ಸ್ ಅನ್ನುವುದರಲ್ಲಿ ಸ್ಪೆಷಲ್ ಏನೂ ಇಲ್ಲ. ಎಲ್ಲಾ ಬಾಬ್ತು ಹಂಚಿ ಆದ ಮೇಲೆ ಒಟ್ಟು ಸರಿಹೊಂದುವುದಕ್ಕೆ ಎಷ್ಟು ಉಳಿಯಿತೋ ಅಷ್ಟನ್ನು ಇಲ್ಲಿ ಹಾಕುತ್ತಾರೆ. ತಿಂಗಳಿಗೆ 6,500 ಅಂತ ಬರುತ್ತಲೇ ಇರುತ್ತದೆ.

## ಕಾಣದ ಹತ್ತೂವರೆ ಸಾವಿರ ಎಲ್ಲಿಗೆ ಹೋಗುತ್ತದೆ

ಚಿಕ್ಕಪ್ಪನ ಲೆಕ್ಕದಲ್ಲಿ ತಿಂಗಳಿಗೆ 50,000. ಬರುವುದು 39,500. ವ್ಯತ್ಯಾಸ 10,500. ಈ ಹಣವನ್ನು ಒಂದೊಂದಾಗಿ ಹುಡುಕೋಣ.

ಮೊದಲು ಪಿಎಫ್, ಅಂದರೆ ಭವಿಷ್ಯ ನಿಧಿ. ಇದರಲ್ಲಿ ಎರಡು ಪಾಲು. ತಂಗಿಯ ಸಂಬಳದಿಂದ 1,800, ಕಂಪನಿಯಿಂದ 1,800. ಈ ಎರಡನೆಯ 1,800 ಅನ್ನೂ ಕಂಪನಿ ತನ್ನ ಖರ್ಚು ಅಂತ ಸಿಟಿಸಿ ಒಳಗೇ ಸೇರಿಸಿದೆ. ಹಾಗಾಗಿ ನಮ್ಮ 10,500ರಲ್ಲಿ 3,600 ಇಲ್ಲೇ ಸಿಕ್ಕಿತು. ಇದು ಕಳೆದುಹೋದ ಹಣ ಅಲ್ಲ. ತಂಗಿಯ ಹೆಸರಿನಲ್ಲೇ ಜಮೆ ಆಗುತ್ತದೆ. 2024-25ನೇ ಸಾಲಿಗೆ ಅದರ ಬಡ್ಡಿ 8.25% ಇತ್ತು.

ಆದರೆ ಪಾಸ್‌ಬುಕ್ ತೆರೆದು ನೋಡಿದಾಗ ಕೆಲವರಿಗೆ ಇನ್ನೊಂದು ಗೊಂದಲ ಆಗುತ್ತದೆ. ತಿಂಗಳಿಗೆ 3,600 ಕೂಡಬೇಕಿತ್ತು, 2,350 ಮಾತ್ರ ಕಾಣುತ್ತದೆ. ಪಿಂಚಣಿ ಯೋಜನೆಯಲ್ಲಿ ಇರುವವರಿಗೆ ಕಂಪನಿಯ ಪಾಲಿನಲ್ಲಿ 1,250 ರೂಪಾಯಿ ಪಿಂಚಣಿ ಖಾತೆಗೆ ಹೋಗುತ್ತದೆ. ಅದು ಪಾಸ್‌ಬುಕ್ಕಿನಲ್ಲೇ ಬೇರೆ ಕಾಲಂನಲ್ಲಿ ಇರುತ್ತದೆ. ತಂಗಿಯ ಹಾಗೆ 15,000ಕ್ಕಿಂತ ಜಾಸ್ತಿ ಬೇಸಿಕ್‌ನಲ್ಲಿ ಮೊದಲ ಸಲ ಕೆಲಸಕ್ಕೆ ಸೇರುವವರು ಆ ಪಿಂಚಣಿ ಯೋಜನೆಗೆ ಬರುವುದಿಲ್ಲ, ಅವರ 3,600 ಪೂರ್ತಿ ಪಿಎಫ್‌ಗೇ ಜಮೆ ಆಗಬೇಕು. ಕೆಲಸಕ್ಕೆ ಸೇರಿದಾಗ ಯುಎಎನ್ ಅನ್ನುವ ಹನ್ನೆರಡು ಅಂಕಿಯ ನಂಬರ್ ಸಿಗುತ್ತದೆ. ಮುಂದೆ ಎಷ್ಟು ಕಂಪನಿ ಬದಲಾಯಿಸಿದರೂ ಆ ನಂಬರ್ ಒಂದೇ. ಮಗಳಿಗೆ ಹೇಳಿ ಅದನ್ನು ಒಂದು ಕಡೆ ಬರೆದಿಡಿಸಿ. ಎರಡು-ಮೂರು ತಿಂಗಳು ಕಳೆದ ಮೇಲೆ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದು, ದುಡ್ಡು ನಿಜವಾಗಿ ಜಮೆ ಆಗಿದೆಯಾ ಅಂತ ನೋಡಬೇಕು. ಸಂಬಳದ ಚೀಟಿಯಲ್ಲಿ ಹಿಡಿದು, ಅಲ್ಲಿ ಕಟ್ಟದೆ ಬಿಟ್ಟಿದ್ದರೆ ತಕ್ಷಣ ಗೊತ್ತಾಗುವುದು ಅಲ್ಲೇ.

ಪಿಎಫ್ ಯಾಕೆ ಸರಿಯಾಗಿ 1,800? ಕಾನೂನಿನಲ್ಲಿ 15,000 ಅನ್ನುವ ಒಂದು ಮಿತಿ ಇದೆ. ಅದರ 12% ಅಂದರೆ 1,800. ಕೆಲವು ಕಂಪನಿಗಳು ಆ ಮಿತಿಗೆ ನಿಲ್ಲದೆ ಪೂರ್ತಿ ಬೇಸಿಕ್ ಮೇಲೆ ಕಟ್ಟುತ್ತವೆ. ಆಗ 25,000ದ 12%, ಅಂದರೆ ಎರಡೂ ಕಡೆಯಿಂದ 3,000. ಅದೇ ಆರು ಲಕ್ಷದ ಸಿಟಿಸಿಯಲ್ಲಿ ಆಗ ಕೈಗೆ ಬರುವುದು 37,100ಕ್ಕೆ ಇಳಿಯುತ್ತದೆ. ಉಳಿತಾಯ ಮಾತ್ರ ತಿಂಗಳಿಗೆ 2,400 ಜಾಸ್ತಿ. ಒಂದೇ ಸಿಟಿಸಿ ಇರುವ ಇಬ್ಬರು ಗೆಳತಿಯರ ಕೈಗೆ ಬೇರೆ ಬೇರೆ ಸಂಬಳ ಬರುವುದಕ್ಕೆ ಇದೊಂದು ಸಾಮಾನ್ಯ ಕಾರಣ. ಪಕ್ಕದ ಮನೆ ಹುಡುಗಿಗೆ ಜಾಸ್ತಿ ಬರುತ್ತೆ ಅಂತ ಬೇಜಾರಾಗುವ ಮೊದಲು ಇದನ್ನು ನೋಡಬೇಕು.

ಮುಂದಿನದು ಗ್ರಾಚ್ಯುಯಿಟಿ. ಬಹಳ ದಿನ ಒಂದೇ ಕಡೆ ದುಡಿದವರಿಗೆ ಬಿಟ್ಟು ಹೋಗುವಾಗ ಕೊಡುವ ಇಡಿಗಂಟು. ಕಾಯಂ ನೌಕರರಿಗೆ ಐದು ವರ್ಷ ಪೂರೈಸಿದರೆ ಸಿಗುತ್ತದೆ. ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ, ತಿಂಗಳಿಗೆ 26 ದಿನ ಅಂತ ಹಿಡಿಯುತ್ತಾರೆ. 25,000 ಬೇಸಿಕ್‌ಗೆ 15ರಿಂದ ಗುಣಿಸಿ 26ರಿಂದ ಭಾಗಿಸಿದರೆ ವರ್ಷಕ್ಕೆ 14,423. ಪಟ್ಟಿಯಲ್ಲಿರುವ 14,430 ಇದೇ. ಬೇಸಿಕ್‌ನ 4.81% ಅಂತ ಕಂಪನಿಗಳು ಒಂದು ಅಂದಾಜು ಹಿಡಿಯುವುದರಿಂದ ಏಳು ರೂಪಾಯಿ ಆಚೀಚೆ ಆಗಿದೆ. ತಂಗಿ ಮೂರು ವರ್ಷಕ್ಕೆ ಬೇರೆ ಕಂಪನಿಗೆ ಹೋದರೆ ಈ ಹಣ ಬರುವುದಿಲ್ಲ. ಇಂತಿಷ್ಟು ಅವಧಿಗೆ ಅಂತ ಒಪ್ಪಂದದ ಮೇಲೆ ಸೇರಿದವರಿಗೆ ಮಾತ್ರ ಹೊಸ ಸಂಹಿತೆಯಲ್ಲಿ ಒಂದು ವರ್ಷಕ್ಕೇ ಸಿಗುವ ಅವಕಾಶ ಇದೆ. ಹುಡುಗರು ಎರಡು-ಮೂರು ವರ್ಷಕ್ಕೆ ಕಂಪನಿ ಬದಲಾಯಿಸುವ ಕಾಲ ಇದು. ಆದ್ದರಿಂದ ಗ್ರಾಚ್ಯುಯಿಟಿಯನ್ನು ಮನೆಯ ಲೆಕ್ಕದಿಂದ ಹೊರಗಿಡುವುದೇ ಸರಿ ಅಂತ ನನ್ನ ಅಭಿಪ್ರಾಯ. ತಿಂಗಳಿಗೆ ಸುಮಾರು 1,200 ಇಲ್ಲಿ ಹೋಯಿತು.

ವಿಮೆಗೆ ತಿಂಗಳಿಗೆ ಹತ್ತಿರ ಹತ್ತಿರ 500. ಇದು ಕೈಗೆ ಬರದಿದ್ದರೂ ಆಸ್ಪತ್ರೆ ಸೇರಿದರೆ ಉಪಯೋಗಕ್ಕೆ ಬರುತ್ತದೆ. ಅಪ್ಪ-ಅಮ್ಮನ ಹೆಸರನ್ನೂ ಸೇರಿಸಬಹುದಾ ಅಂತ ಸೇರಿದ ಮೊದಲ ತಿಂಗಳಲ್ಲೇ ಕೇಳಬೇಕು. ಹೆಸರು ಸೇರಿಸಲು ಕೆಲವು ದಿನ ಮಾತ್ರ ಅವಕಾಶ ಕೊಟ್ಟು, ಆಮೇಲೆ ವರ್ಷದವರೆಗೆ ಮುಚ್ಚಿಬಿಡುವುದು ಸಾಮಾನ್ಯ.

ಉಳಿದದ್ದು ದೊಡ್ಡ ತುಂಡು, ವೇರಿಯಬಲ್ ಪೇ. ತಿಂಗಳಿಗೆ 5,000ದ ಲೆಕ್ಕ, ಆದರೆ ತಿಂಗಳು ತಿಂಗಳು ಬರುವುದಿಲ್ಲ. ವರ್ಷಕ್ಕೊಮ್ಮೆ, ಕೆಲವು ಕಡೆ ಮೂರು ತಿಂಗಳಿಗೊಮ್ಮೆ ಕೊಡುತ್ತಾರೆ. ಪಟ್ಟಿಯಲ್ಲಿರುವ 60,000 ಖಾತ್ರಿಯ ಮೊತ್ತ ಅಲ್ಲ. ಕಂಪನಿಯ ವ್ಯಾಪಾರ ಹೇಗಾಯಿತು, ಇವಳ ಕೆಲಸ ಹೇಗಿತ್ತು ಅನ್ನುವುದರ ಮೇಲೆ ಅದು 48,000 ಆಗಬಹುದು, 30,000 ಆಗಬಹುದು. ಕೊಬ್ಬರಿಯ ಹಾಗೆ ಅಂದೆ ಚಿಕ್ಕಪ್ಪನಿಗೆ. ಅಟ್ಟದ ಮೇಲೆ ಇದೆ, ನಿಮ್ಮದೇ. ಆದರೆ ಹರಾಜಿನ ದಿನ ರೇಟು ಎಷ್ಟು ಬರುತ್ತೋ ಅಷ್ಟೇ ದುಡ್ಡು. ಅದನ್ನು ನಂಬಿ ತಿಂಗಳ ಕಂತು ಒಪ್ಪಿಕೊಳ್ಳಬಾರದು.

ಈಗ ಕೂಡಿಸಿ ನೋಡಿ. ಪಿಎಫ್ ಎರಡೂ ಪಾಲು 3,600, ಗ್ರಾಚ್ಯುಯಿಟಿ ಮತ್ತು ವಿಮೆ ಸೇರಿ 1,700, ವೇರಿಯಬಲ್ 5,000, ವೃತ್ತಿ ತೆರಿಗೆ 200. ಒಟ್ಟು 10,500. ಚಿಕ್ಕಪ್ಪ ಕೊಬ್ಬರಿ ಮಂಡಿಯ ಚೀಟಿಯ ಹಿಂಭಾಗದಲ್ಲಿ ತಾವೇ ಎರಡು ಸಲ ಕೂಡಿದರು. ಆಮೇಲೆ ಮುಖ ಸ್ವಲ್ಪ ಸಡಿಲವಾಯಿತು.

## ಮೊದಲ ತಿಂಗಳ ಸಂಬಳ ಇನ್ನೂ ಕಡಿಮೆ ಇರುತ್ತದೆ

ಇದನ್ನು ಮೊದಲೇ ಹೇಳಿಬಿಡಬೇಕು. ತಂಗಿ ಸೇರಬೇಕಾದ ದಿನ ಜುಲೈ 17. ಜುಲೈನಲ್ಲಿ ಅವಳು ಕೆಲಸದಲ್ಲಿ ಇರುವುದು 15 ದಿನ. 41,500ಕ್ಕೆ 31 ದಿನದಲ್ಲಿ 15 ದಿನದ ಲೆಕ್ಕ ಹಾಕಿದರೆ 20,081. ಪಿಎಫ್ ಹಿಡಿದರೆ ಕೈಗೆ 18 ಸಾವಿರ ಚಿಲ್ಲರೆ. ಆ ತಿಂಗಳು ಸಂಬಳ 25,000 ದಾಟದ ಕಾರಣ ವೃತ್ತಿ ತೆರಿಗೆ ಬೀಳುವುದಿಲ್ಲ.

ಇನ್ನೂ ಒಂದು ವಿಷಯ ಇದೆ. ಪ್ರತಿ ಕಂಪನಿಯೂ ತಿಂಗಳಲ್ಲಿ ಒಂದು ದಿನಕ್ಕೆ ಸಂಬಳದ ಲೆಕ್ಕ ಮುಚ್ಚುತ್ತದೆ. ಆ ದಿನ 20 ಆಗಿದ್ದು, ನೀವು 22ಕ್ಕೆ ಸೇರಿದರೆ, ಆ ತಿಂಗಳ ದಿನಗಳ ಸಂಬಳ ಮುಂದಿನ ತಿಂಗಳ ಜೊತೆ ಸೇರಿ ಬರುತ್ತದೆ. ಅಲ್ಲಿಯವರೆಗೆ ಪಿಜಿ ಅಡ್ವಾನ್ಸು, ಬಸ್ ಪಾಸು, ಊಟ ಎಲ್ಲದಕ್ಕೂ ಮನೆಯಿಂದಲೇ ಹಣ ಬೇಕಾಗುತ್ತದೆ.

## ಪ್ರೊಬೇಷನ್: ಎರಡು ಕಡೆಯವರೂ ನೋಡುವ ಅವಧಿ

ನಮ್ಮ ದೊಡ್ಡಪ್ಪ ಸರ್ಕಾರಿ ಶಾಲೆಯ ಮೇಷ್ಟ್ರಾಗಿದ್ದವರು. ಅವರ ಪ್ರೊಬೇಷನ್ ಮುಗಿದ ಆದೇಶ ಬಂದ ದಿನ ಮನೆಯಲ್ಲಿ ಪಾಯಸ ಮಾಡಿದ್ದರಂತೆ. ರಾಜ್ಯ ಸರ್ಕಾರಿ ನೌಕರಿಯಲ್ಲಿ ಇದು ಸಾಮಾನ್ಯವಾಗಿ 2 ವರ್ಷ. ಖಾಸಗಿ ಕಂಪನಿಗಳಲ್ಲಿ 3 ರಿಂದ 6 ತಿಂಗಳು. ಉದ್ದೇಶ ಒಂದೇ. ಕೆಲಸ ಬರುತ್ತಾ, ಹೊಂದಿಕೊಳ್ಳುತ್ತಾರಾ ಅಂತ ಕಂಪನಿ ನೋಡುತ್ತದೆ. ಈ ಜಾಗ ನನಗೆ ಆಗುತ್ತಾ ಅಂತ ಹುಡುಗಿಯೂ ನೋಡಬಹುದು.

"ಆ ಆರು ತಿಂಗಳು ಅರ್ಧ ಸಂಬಳನಾ?" ಅಂತ ಚಿಕ್ಕಮ್ಮ ಕೇಳಿದರು. ಅಲ್ಲ. ಲೆಟರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ ಮೊದಲ ದಿನದಿಂದ ಪೂರ್ತಿ ಸಂಬಳ. ಪಿಎಫ್ ಕೂಡ ಮೊದಲ ತಿಂಗಳಿಂದಲೇ ಶುರು. ಪ್ರೊಬೇಷನ್ ಮುಗಿದ ಮೇಲೆ ಕಟ್ಟುತ್ತೇವೆ ಅಂತ ಯಾರಾದರೂ ಹೇಳಿದರೆ ಅದು ತಪ್ಪು. ಸ್ಟೈಪೆಂಡ್ ಕೊಟ್ಟು ಕಲಿಸುವ ಇಂಟರ್ನ್‌ಶಿಪ್ ಬೇರೆ, ಪ್ರೊಬೇಷನ್ ಬೇರೆ. ಕಾಗದದಲ್ಲಿ ಯಾವ ಪದ ಇದೆ ಅಂತ ನೋಡಿ.

ಹಾಗಾದರೆ ಪ್ರೊಬೇಷನ್‌ನಲ್ಲಿ ನಿಜವಾಗಿ ಏನು ಬೇರೆ ಇರುತ್ತದೆ? ಮುಖ್ಯವಾಗಿ ಎರಡು. ರಜೆ ಕಡಿಮೆ ಇರುತ್ತದೆ. ಹಬ್ಬಕ್ಕೆ, ಜಾತ್ರೆಗೆ ನಾಲ್ಕು ದಿನ ಬಾ ಅಂತ ಕರೆದರೆ ಅವಳು ಬರಲು ಆಗದೇ ಇರಬಹುದು. ಇನ್ನೊಂದು, ಕೆಲಸ ಬಿಡುವ ಅಥವಾ ಬಿಡಿಸುವ ದಾರಿ ಚಿಕ್ಕದಾಗಿರುತ್ತದೆ. ತಂಗಿಯ ಲೆಟರಿನಲ್ಲಿ ಪ್ರೊಬೇಷನ್ ವೇಳೆ 30 ದಿನದ ನೋಟಿಸ್, ಮುಗಿದ ಮೇಲೆ 90 ದಿನ ಅಂತ ಇತ್ತು. ಕಂಪನಿ ಬೇಡ ಅಂದರೂ 30 ದಿನ, ಇವಳು ಬೇಡ ಅಂದರೂ 30 ದಿನ. ಆದ್ದರಿಂದ ಈ ಕೆಲಸ ನನಗೆ ಆಗಲ್ಲ ಅಂತ ಐದನೇ ತಿಂಗಳಲ್ಲಿ ಮನಸ್ಸಿಗೆ ಖಚಿತವಾದರೆ ಆಗಲೇ ಹೊರಡುವುದು ಸುಲಭ. ಏಳನೇ ತಿಂಗಳಲ್ಲಿ ಅದೇ ನಿರ್ಧಾರಕ್ಕೆ ಮೂರು ತಿಂಗಳು ಹಿಡಿಯುತ್ತದೆ.

ಜುಲೈ 17ಕ್ಕೆ ಸೇರಿದರೆ ಆರು ತಿಂಗಳು ಮುಗಿಯುವುದು ಜನವರಿ 16ಕ್ಕೆ. ಆದರೆ ಆ ದಿನ ಕಳೆದ ತಕ್ಷಣ ಕೆಲಸ ತಾನಾಗಿ ಕಾಯಂ ಆಯಿತು ಅಂದುಕೊಳ್ಳಬಾರದು. ಹೆಚ್ಚಿನ ಲೆಟರ್‌ಗಳಲ್ಲಿ "ಲಿಖಿತವಾಗಿ ದೃಢಪಡಿಸುವವರೆಗೆ ಪ್ರೊಬೇಷನ್ ಮುಂದುವರಿಯುತ್ತದೆ" ಅನ್ನುವ ಒಂದು ಸಾಲು ಇರುತ್ತದೆ. ತಂಗಿಯದ್ದರಲ್ಲೂ ಇತ್ತು. ಅಂದರೆ ಕನ್‌ಫರ್ಮೇಷನ್ ಲೆಟರ್ ಅಥವಾ ಇಮೇಲ್ ಕೈಗೆ ಬರಬೇಕು. ಬರದಿದ್ದರೆ ಒಂದು ವಾರ ನೋಡಿ, ಮ್ಯಾನೇಜರ್‌ಗೂ ಎಚ್‌ಆರ್‌ಗೂ ಬರೆದು ಕೇಳಬೇಕು. ಸುಮ್ನೆ ಇದ್ದರೆ ಎಷ್ಟೋ ಸಲ ಅವರಿಗೂ ಮರೆತುಹೋಗಿರುತ್ತದೆ. ಮುಂದೆ ಬ್ಯಾಂಕಿನಲ್ಲಿ ಸಾಲ ಕೇಳಲು ಹೋದಾಗ ಆ ಕಾಗದ ಕೇಳುವುದುಂಟು.

ಕೆಲವೊಮ್ಮೆ ಪ್ರೊಬೇಷನ್ ಅನ್ನು ಇನ್ನೂ ಮೂರು ತಿಂಗಳು ಮುಂದೂಡುತ್ತಾರೆ. ಹಾಗಾದರೆ ಮನೆಯಲ್ಲಿ ಗಾಬರಿ ಬೇಡ, ಅವಳನ್ನು ಬೈಯುವುದೂ ಬೇಡ. ಯಾವ ವಿಷಯದಲ್ಲಿ ಸುಧಾರಿಸಬೇಕು ಅಂತ ಅವಳು ಬರಹದಲ್ಲಿ ಕೇಳಿ ಪಡೆದುಕೊಳ್ಳಲಿ. ಅದಕ್ಕೆ ಉತ್ತರ ಕೊಡಲು ಕಂಪನಿ ತಪ್ಪಿಸಿಕೊಳ್ಳುತ್ತಿದ್ದರೆ, ಆಗ ಬೇರೆ ಕಡೆ ನೋಡಲು ಶುರುಮಾಡುವುದು ಒಳ್ಳೆಯದು.

## ನೋಟಿಸ್ ಪೀರಿಯಡ್: ಇದು ಕೋರ್ಟಿನ ನೋಟಿಸ್ ಅಲ್ಲ

ಬಾಡಿಗೆ ಮನೆ ಖಾಲಿ ಮಾಡುವುದನ್ನು ನೆನೆಸಿಕೊಳ್ಳಿ. ಎರಡು ತಿಂಗಳು ಮೊದಲೇ ಹೇಳಬೇಕು ಅಂತ ಕರಾರಿನಲ್ಲಿ ಇರುತ್ತದೆ. ಬಾಡಿಗೆದಾರ ಹೇಳದೆ ಹೋದರೆ ಅಡ್ವಾನ್ಸಿನಲ್ಲಿ ಹಿಡಿಯುತ್ತಾರೆ. ಮನೆ ಮಾಲೀಕನೂ ನಾಳೆಯೇ ಬಿಡು ಅನ್ನುವ ಹಾಗಿಲ್ಲ. ನೋಟಿಸ್ ಪೀರಿಯಡ್ ಇದೇ. ಕೆಲಸ ಬಿಡುತ್ತೇನೆ ಅಂತ ತಿಳಿಸಿದ ದಿನದಿಂದ ಕೊನೆಯ ದಿನದವರೆಗಿನ ಸಮಯ. ಆ ಸಮಯದಲ್ಲಿ ಕೆಲಸ ಮಾಡಬೇಕು, ಮಾಡಿದ ಕೆಲಸಕ್ಕೆ ಸಂಬಳವೂ ಇದೆ.

ಒಂದು ಉದಾಹರಣೆ ಹಾಕಿ ನೋಡಿದೆವು. ತಂಗಿ ಎರಡು ವರ್ಷ ಕೆಲಸ ಮಾಡಿದಳು, ಸಂಬಳ ಇಷ್ಟೇ ಇದೆ ಅಂತ ಇಟ್ಟುಕೊಳ್ಳಿ. ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತು. ಜೂನ್ 1ಕ್ಕೆ ರಾಜೀನಾಮೆ ಕೊಟ್ಟಳು. ಆ ದಿನವನ್ನೂ ಸೇರಿಸಿ 90 ದಿನ ಎಣಿಸಿದರೆ ಕೊನೆಯ ದಿನ ಆಗಸ್ಟ್ 29. ಆದರೆ ಹೊಸ ಕಂಪನಿ ಜುಲೈ 16ಕ್ಕೇ ಬಾ ಅನ್ನುತ್ತಿದೆ. ಜುಲೈ 15ರವರೆಗೆ ದುಡಿದರೆ 45 ದಿನ ಆಯಿತು. ಇನ್ನೂ 45 ದಿನ ಬಾಕಿ. ಈ ಬಾಕಿ ದಿನಗಳಿಗೆ ದುಡ್ಡು ಕಟ್ಟಿ ಹೊರಡುವುದನ್ನು ಬೈಔಟ್ ಅನ್ನುತ್ತಾರೆ.

ಎಷ್ಟು ಕಟ್ಟಬೇಕು ಅನ್ನುವುದು ಲೆಟರಿನ ಒಂದೇ ಒಂದು ಪದದ ಮೇಲೆ ನಿಂತಿದೆ. ಗ್ರಾಸ್ ಸಂಬಳದ ಮೇಲೆ ಅಂತ ಇದ್ದರೆ 41,500 ಅನ್ನು 30ರಿಂದ ಭಾಗಿಸಿ 45ರಿಂದ ಗುಣಿಸಿ, 62,250. ಬೇಸಿಕ್ ಮೇಲೆ ಅಂತ ಇದ್ದರೆ 37,500. ಒಂದು ಪದಕ್ಕೆ 24,750 ರೂಪಾಯಿ ವ್ಯತ್ಯಾಸ. ತಂಗಿಯ ಲೆಟರಿನಲ್ಲಿ ಬರೀ "ಸಂಬಳ" ಅಂತ ಇತ್ತು. ಯಾವ ಸಂಬಳ ಅಂತ ಇರಲಿಲ್ಲ. ನಾನು ಅಲ್ಲಿ ಪೆನ್ಸಿಲ್‌ನಲ್ಲಿ ಗೆರೆ ಎಳೆದೆ.

ಇನ್ನೊಂದು ಸಾಲನ್ನೂ ಗಮನಿಸಬೇಕು. ಕೆಲವು ಲೆಟರ್‌ಗಳಲ್ಲಿ "ಎರಡೂ ಕಡೆಯವರು ನೋಟಿಸ್ ಕೊಡಬಹುದು, ಅಥವಾ ಅದರ ಬದಲು ಹಣ ಕೊಡಬಹುದು" ಅಂತ ಇರುತ್ತದೆ. ಆಗ ದುಡ್ಡು ಕಟ್ಟಿ ಹೊರಡುವ ಆಯ್ಕೆ ಕಾಗದದಲ್ಲೇ ಇದೆ. ಬೇರೆ ಕೆಲವದರಲ್ಲಿ "ಹಣ ಪಡೆದು ಬಿಡುಗಡೆ ಮಾಡುವುದು ಕಂಪನಿಯ ವಿವೇಚನೆಗೆ ಬಿಟ್ಟದ್ದು" ಅಂತ ಇರುತ್ತದೆ. ಆಗ ದುಡ್ಡು ಕಟ್ಟುತ್ತೇನೆ ಅಂದರೂ ಅವರು ಒಪ್ಪಬೇಕು. ಹೊಸ ಕಂಪನಿಗೆ ಸೇರುವ ದಿನಾಂಕ ಕೊಡುವ ಮೊದಲು ಇದನ್ನು ಓದಿಕೊಂಡಿರಬೇಕು. ಬೈಔಟ್ ಹಣ ನಾವೇ ಕೊಡುತ್ತೇವೆ ಅಂತ ಹೊಸ ಕಂಪನಿ ಹೇಳಿದರೆ ಅದನ್ನು ಬರಹದಲ್ಲಿ ತೆಗೆದುಕೊಳ್ಳಬೇಕು. ಒಂದು ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅನ್ನುವ ಷರತ್ತು ಅದರಲ್ಲಿ ಇರುವುದು ಸಾಮಾನ್ಯ.

ವೇರಿಯಬಲ್ ಪೇ ಕೂಡ ಇಲ್ಲಿ ತೊಡಕು ಮಾಡುತ್ತದೆ. "ಹಣ ಕೊಡುವ ದಿನ ನೌಕರಿಯಲ್ಲಿರಬೇಕು, ನೋಟಿಸ್‌ನಲ್ಲಿ ಇರಬಾರದು" ಅಂತ ಬರೆದಿರುವ ಕಡೆ, ಏಪ್ರಿಲ್‌ನಲ್ಲಿ ಬರಬೇಕಾದ 60,000 ಮಾರ್ಚ್‌ನಲ್ಲಿ ಕೊಟ್ಟ ರಾಜೀನಾಮೆಯಿಂದ ತಪ್ಪಿಹೋಗಬಹುದು. ಎಷ್ಟೋ ಹುಡುಗರು ಒಂದು ತಿಂಗಳ ಅವಸರಕ್ಕೆ ಇದನ್ನು ಕಳೆದುಕೊಂಡದ್ದನ್ನು ನಾನು ನನ್ನ ಮೇಜಿನ ಮೇಲೇ ನೋಡಿದ್ದೇನೆ. ಪ್ರತಿ ಸಲವೂ ಬೇಜಾರಾಗುತ್ತದೆ.

ಅಪ್ಪ-ಅಮ್ಮನಿಗೆ ನೇರವಾಗಿ ಸಂಬಂಧಿಸಿದ ವಿಷಯ ಒಂದಿದೆ. ಮಗಳು ಫೋನಿನಲ್ಲಿ ಅತ್ತರೆ "ಬಿಟ್ಟು ಬಂದುಬಿಡು ಮಗಾ, ಆ ದುಡ್ಡೇ ಬೇಡ" ಅನ್ನುವುದು ಸಹಜ. ಬಿಡಲಿ. ಆದರೆ ಹೇಳದೆ ಕೇಳದೆ ನಾಳೆಯಿಂದ ಹೋಗದೆ ನಿಂತರೆ ಕಂಪನಿಯ ದಾಖಲೆಯಲ್ಲಿ 'ಅಬ್‌ಸ್ಕಾಂಡಿಂಗ್', ಅಂದರೆ ಹೇಳದೆ ಹೋದವರು, ಅಂತ ಬರೆಯುತ್ತಾರೆ. ರಿಲೀವಿಂಗ್ ಲೆಟರ್ ಸಿಗುವುದಿಲ್ಲ. ಶಾಲೆ ಬದಲಾಯಿಸುವಾಗ ಟಿಸಿ ಇದ್ದ ಹಾಗೆ ಇದು. ಮುಂದಿನ ಕಂಪನಿ ಹಿಂದಿನ ಕಡೆ ವಿಚಾರಿಸಿದಾಗ ಆ ಮಾತು ಹೊರಗೆ ಬರುತ್ತದೆ. ಅದರ ಬದಲು ಅವತ್ತೇ ಒಂದು ಇಮೇಲ್‌ನಲ್ಲಿ ರಾಜೀನಾಮೆ ಕಳಿಸಿ, ಆರೋಗ್ಯ ಸರಿಯಿಲ್ಲದಿದ್ದರೆ ಡಾಕ್ಟರ ಚೀಟಿ ಸೇರಿಸಿ, ಬೇಗ ಬಿಡಿ ಅಂತ ಕೇಳಬಹುದು. ಕೇಳಿದರೆ ದಿನ ಕಡಿಮೆ ಮಾಡುವವರು ಇದ್ದಾರೆ.

ಮದುವೆಯ ವಿಷಯಕ್ಕೂ ಇದು ಬರುತ್ತದೆ. ಮದುವೆಯಾಗಿ ಬೇರೆ ಊರಿಗೆ ಹೋಗಬೇಕು, ಕೆಲಸ ಬಿಡಬೇಕು ಅಂತಿದ್ದರೆ, ಮುಹೂರ್ತಕ್ಕೆ 90 ದಿನ ಮೊದಲೇ ರಾಜೀನಾಮೆ ಹೋಗಿರಬೇಕು. ನೋಟಿಸ್ ಅವಧಿಯಲ್ಲಿ ರಜೆ ಹಾಕಿದರೆ ಅಷ್ಟು ದಿನ ಮುಂದಕ್ಕೆ ಎಳೆಯುವ ಕಂಪನಿಗಳೇ ಜಾಸ್ತಿ.

ಕೊನೆಯ ದಿನದ ನಂತರ ಆಗುವ ಲೆಕ್ಕಾಚಾರಕ್ಕೆ ಫುಲ್ ಆ್ಯಂಡ್ ಫೈನಲ್ ಅನ್ನುತ್ತಾರೆ. ಬಾಕಿ ಸಂಬಳ, ಉಳಿದ ರಜೆಯ ಹಣ ಕೂಡಿಸಿ, ಕಟ್ಟಬೇಕಾದದ್ದನ್ನು ಕಳೆಯುತ್ತಾರೆ. ಹೊಸ ವೇತನ ಸಂಹಿತೆಯ ಪ್ರಕಾರ ಬಾಕಿ ವೇತನವನ್ನು 2 ಕೆಲಸದ ದಿನಗಳಲ್ಲಿ ಕೊಡಬೇಕು. ಇದಕ್ಕೆ ಮೊದಲು ಒಂದರಿಂದ ಒಂದೂವರೆ ತಿಂಗಳು ಕಾಯಿಸುವುದೇ ಕಂಪನಿಗಳ ಅಭ್ಯಾಸವಾಗಿತ್ತು.

## ಸಹಿ ಹಾಕುವ ಮೊದಲು ಕಳಿಸಿದ ಇಮೇಲ್

ಲೆಟರ್ ಪೂರ್ತಿ ಓದಿ ಆದ ಮೇಲೆ ತಂಗಿಯ ಕೈಯಲ್ಲೇ ಎಚ್‌ಆರ್‌ಗೆ ಒಂದು ಇಮೇಲ್ ಬರೆಸಿದೆ. "ಹೀಗೆಲ್ಲಾ ಕೇಳಿದ್ರೆ ಕೆಲಸ ವಾಪಸ್ ತಗೊಳ್ಳಲ್ವಾ?" ಅಂತ ಚಿಕ್ಕಪ್ಪನಿಗೆ ಭಯ. ಮರ್ಯಾದೆಯಿಂದ ಕೇಳಿದ ಪ್ರಶ್ನೆಗೆ ಯಾರೂ ಆಫರ್ ಹಿಂದಕ್ಕೆ ತೆಗೆದುಕೊಂಡದ್ದನ್ನು ನನ್ನ ಕೆಲಸದಲ್ಲಿ ನಾನು ಕಂಡಿಲ್ಲ. ಕೇಳಿದ್ದು ಮೂರೇ ಪ್ರಶ್ನೆ. ವೇರಿಯಬಲ್ ಪೇ ಯಾವಾಗ ಕೊಡುತ್ತೀರಿ, ಮೊದಲ ವರ್ಷ ಎಷ್ಟು ತಿಂಗಳಿಗೆ ಲೆಕ್ಕ ಹಾಕುತ್ತೀರಿ? ಪ್ರೊಬೇಷನ್ ಮುಗಿದದ್ದನ್ನು ಲಿಖಿತವಾಗಿ ತಿಳಿಸುತ್ತೀರಾ? ನೋಟಿಸ್ ಬದಲು ಹಣ ಕಟ್ಟಬೇಕಾದರೆ ಅದು ಬೇಸಿಕ್ ಮೇಲಾ, ಗ್ರಾಸ್ ಮೇಲಾ?

ಮಂಗಳವಾರ ಮಧ್ಯಾಹ್ನ ಉತ್ತರ ಬಂತು. ವೇರಿಯಬಲ್ ಏಪ್ರಿಲ್ ಸಂಬಳದ ಜೊತೆ, ಮೊದಲ ವರ್ಷ ಸೇರಿದ ದಿನದಿಂದ ಮಾರ್ಚ್‌ವರೆಗಿನ ಲೆಕ್ಕ. ಪ್ರೊಬೇಷನ್ ಮುಗಿದಾಗ ಇಮೇಲ್ ಬರುತ್ತದೆ. ನೋಟಿಸ್ ಹಣ ಬೇಸಿಕ್ ಮೇಲೆ. ತಂಗಿ ಆ ಉತ್ತರವನ್ನು ಪ್ರಿಂಟ್ ತೆಗೆಸಿ ಆಫರ್ ಲೆಟರಿಗೆ ಪಿನ್ ಮಾಡಿದಳು. ಚಿಕ್ಕಪ್ಪ ಮಂಡಿ ಚೀಟಿಯಲ್ಲಿ ಬರೆದುಕೊಂಡಿದ್ದ 62,250 ಅನ್ನು ಹೊಡೆದುಹಾಕಿ, 37,500ಕ್ಕೆ ಸುತ್ತು ಹಾಕಿದರು. ಸೊಸೈಟಿ ಸಾಲಕ್ಕೆ ಅವಳು ಕೊಡುವ ಪಾಲನ್ನು ತಿಂಗಳಿಗೆ ಎಂಟು ಸಾವಿರ ಅಂತ ಗೊತ್ತು ಮಾಡಿದರು. ಅದೂ ಸೆಪ್ಟೆಂಬರ್‌ನಿಂದ, ಮೊದಲ ಪೂರ್ತಿ ಸಂಬಳ ಬಂದ ಮೇಲೆ.